ಸಹಿ ಹಾಕೋ ಮುಂಚೆ: ನಾಗಲಮಡಿಕೆಯಿಂದ ಸೈನ್ಸ್ ಮ್ಯೂಸಿಯಂಗೆ ಒಂದು ದಿನ

ಡಿಸೆಂಬರ್ ಬಂತು ಅಂದ್ರೆ ಊರಿನಿಂದ ವಾಟ್ಸಾಪ್‌ಗೆ ಒಂದು ಫೋಟೋ ಬರುತ್ತೆ. ಅಕ್ಕನ ಮಗನ ಸ್ಕೂಲಿನ ಚೀಟಿ. ಕೆಳಗೆ ಅಕ್ಕನ ವಾಯ್ಸ್ ಮೆಸೇಜು: "ಬೆಂಗ್ಳೂರಿಗೆ ಟೂರ್ ಅಂತೆ ಕಣೋ, ಸೈನ್ ಹಾಕ್ಲಾ?" ನಾವು ಆಫೀಸಿನ ಮೀಟಿಂಗ್ ಮಧ್ಯೆ ಹೆಬ್ಬೆರಳೆತ್ತಿ ಕಳಿಸಿಬಿಡ್ತೀವಿ.

ಆ ಚೀಟಿಯಲ್ಲಿ ಸಾಮಾನ್ಯವಾಗಿ ನಾಲ್ಕೇ ಸಾಲು ಇರುತ್ತೆ. ನನ್ನ ಮಗನನ್ನು ಶೈಕ್ಷಣಿಕ ಪ್ರವಾಸಕ್ಕೆ ಕಳುಹಿಸಲು ಒಪ್ಪಿರುತ್ತೇನೆ, ಇಷ್ಟು ಹಣ ಪಾವತಿಸಿರುತ್ತೇನೆ, ಆಮೇಲೆ ಆ ಕೊನೆಯ ಸಾಲು: "ಪ್ರವಾಸದ ಸಮಯದಲ್ಲಿ ಯಾವುದೇ ಅನಾಹುತ ಸಂಭವಿಸಿದಲ್ಲಿ ಶಾಲೆಯವರು ಜವಾಬ್ದಾರರಲ್ಲ." ಪೋಷಕರು ಹೆದರೋದು ಈ ಸಾಲಿಗೆ, ಮೇಷ್ಟ್ರುಗಳು ನಂಬಿಕೊಂಡಿರೋದೂ ಇದೇ ಸಾಲನ್ನ. ಇಬ್ಬರ ಲೆಕ್ಕವೂ ತಪ್ಪು.

1995ರ ಮೇ 28ರಂದು ಪಂಜಾಬಿನ ಪಠಾಣ್‌ಕೋಟ್ ಹತ್ತಿರದ ಒಂದು ಶಾಲೆಯ ಮಕ್ಕಳು ಬಿಯಾಸ್ ನದಿ ದಂಡೆಗೆ ಪಿಕ್‌ನಿಕ್‌ಗೆ ಹೋಗಿದ್ದರು. 14 ಮಕ್ಕಳು ನೀರುಪಾಲಾದರು. ಕೇಸು ಹಿಮಾಚಲ ಪ್ರದೇಶ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2001ರಲ್ಲಿ ತೀರ್ಪು ಬಂತು: ಜೊತೆಯಲ್ಲಿದ್ದ ಶಿಕ್ಷಕರ ನಿರ್ಲಕ್ಷ್ಯಕ್ಕೆ ಶಾಲೆಯೇ ಹೊಣೆ, ಪ್ರತಿ ಮಗುವಿನ ಮನೆಯವರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು. ಮಗುವನ್ನು ಒಪ್ಪಿಸಿಕೊಂಡ ಮೇಲೆ ಜೋಪಾನ ಮಾಡೋ ಕರ್ತವ್ಯ ಶಾಲೆಯದು. ಪ್ರವಾಸಕ್ಕೆ ಒಪ್ಪಿದ್ದೀನಿ ಅಂದರೆ ನಿರ್ಲಕ್ಷ್ಯಕ್ಕೂ ಒಪ್ಪಿದ್ದೀನಿ ಅಂತ ಅರ್ಥ ಅಲ್ಲ. ಮಗುವಿನ ಹಕ್ಕನ್ನು ಅಪ್ಪ ಅಮ್ಮ ಒಂದು ಸಹಿಯಲ್ಲಿ ಬರೆದುಕೊಡೋಕೂ ಆಗಲ್ಲ.

ಹಾಗಾದ್ರೆ ಆ ಚೀಟಿ ಯಾಕೆ ಬೇಕು? ಎರಡು ಕಡೆಯ ಮಾಹಿತಿ ಕೈ ಬದಲಾಯಿಸೋಕೆ. ಮಗುವನ್ನ ಎಲ್ಲಿಗೆ, ಯಾವ ದಾರೀಲಿ, ಯಾರ ಜೊತೆ ಕರ್ಕೊಂಡು ಹೋಗ್ತೀವಿ ಅಂತ ಶಾಲೆ ಹೇಳಬೇಕು. ಈ ಮಗುವಿಗೆ ಏನೇನು ತೊಂದರೆ ಇದೆ ಅಂತ ಮನೆಯವರು ಹೇಳಬೇಕು. ನಾಲ್ಕು ಸಾಲಿನ ಚೀಟಿಯಲ್ಲಿ ಇವೆರಡೂ ಇರಲ್ಲ. ಯಾಕಂದ್ರೆ ಚೀಟಿಗಿಂತ ಮುಂಚೆ ಆಗಬೇಕಾದ ಕೆಲಸವೊಂದು ಆಗಿರಲ್ಲ. ಅದೇ ರಿಸ್ಕ್ ಅಸೆಸ್‌ಮೆಂಟ್, ಅಂದರೆ ಅಪಾಯದ ಅಂದಾಜು. ಹೊರದೇಶದ ಶಾಲೆಗಳಲ್ಲಿ ಇದು ಮಾಮೂಲು. ನಮ್ಮಲ್ಲಿ ಬಿಇಒ ಅನುಮತಿಗೆ ಅರ್ಜಿ ಹಾಕಿದ್ದನ್ನೇ ಅಂದಾಜು ಅಂದ್ಕೊಂಡಿರ್ತೀವಿ.

ಒಂದು ಲೆಕ್ಕ ಮಾಡಿ ನೋಡೋಣ. ಪಾವಗಡ ತಾಲ್ಲೂಕಿನ ನಾಗಲಮಡಿಕೆ. ಅಲ್ಲಿನ ಒಂದು ಹೈಸ್ಕೂಲಿನ 48 ಮಕ್ಕಳು, 4 ಜನ ಶಿಕ್ಷಕರು, ಹೋಗೋದು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರೋ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಅಂತ ಇಟ್ಕೊಳ್ಳಿ. ಶಾಲೆ ಕಾಲ್ಪನಿಕ, ದಾರಿ ಮತ್ತು ಮ್ಯೂಸಿಯಂ ನಿಜ. 1965ರಲ್ಲಿ ಶುರುವಾದ ಮ್ಯೂಸಿಯಂ ಅದು. ಸೋಲಾರ್ ಪಾರ್ಕಿನ ಮಗ್ಗುಲಲ್ಲೇ ಬೆಳೆದ ಈ ಮಕ್ಕಳಿಗೆ ಅಲ್ಲಿನ ವಿದ್ಯುತ್ ವಿಭಾಗ, ಎಂಜಿನ್ ಹಾಲ್ ನೋಡೋಕೆ ಬೇರೆಯವರಿಗಿಂತ ಹೆಚ್ಚು ಕಾರಣ ಇದೆ.

ಮ್ಯೂಸಿಯಂಗಿಂತ ಬಸ್ಸು

ಅಪಾಯ ಪಟ್ಟಿ ಮಾಡಿ ಅಂದ್ರೆ ಎಲ್ಲರೂ ಮ್ಯೂಸಿಯಂನಿಂದ ಶುರು ಮಾಡ್ತಾರೆ. ಕರೆಂಟು, ಮೆಷಿನ್ನು, ಮೆಟ್ಟಿಲು. ಆದರೆ ಮಕ್ಕಳು ಮುಟ್ಟಲಿ ಅಂತಲೇ ಕಟ್ಟಿದ ಜಾಗ ಅದು. ಈ ದಿನದಲ್ಲಿ ಅವರು ಅಲ್ಲಿರೋದು ನಾಲ್ಕೂವರೆ ಗಂಟೆ, ಬಸ್ಸಲ್ಲಿರೋದು ಅದರ ಎರಡರಷ್ಟು.

ಅಂದಾಜು ಮಾಡೋ ರೀತಿ ಸರಳ. ಒಂದು ತೊಂದರೆ ಆಗೋ ಸಾಧ್ಯತೆಗೆ 1ರಿಂದ 5ರವರೆಗೆ ಅಂಕ, ಆದರೆ ಎಷ್ಟು ಕೆಟ್ಟದಾಗುತ್ತೆ ಅನ್ನೋದಕ್ಕೆ ಮತ್ತೆ 1ರಿಂದ 5. ಎರಡನ್ನೂ ಗುಣಿಸಬೇಕು. ಬಸ್ಸಲ್ಲಿ ವಾಂತಿ ಆಗೋದು ಗ್ಯಾರಂಟಿ, ಆದರೆ ಪರಿಣಾಮ ಸಣ್ಣದು: 5 ಗುಣಿಸು 1, ಐದು. ನಿದ್ದೆಗೆಟ್ಟ ಡ್ರೈವರ್‌ನಿಂದ ಅಪಘಾತ ಅಪರೂಪ, ಆದರೆ ಆದರೆ ಮುಗೀತು: 2 ಗುಣಿಸು 5, ಹತ್ತು. ಈ ಅಂಕಗಳೇನೂ ವಿಜ್ಞಾನ ಅಲ್ಲ, ಕೂತವರು ಮಾತಾಡಿ ಹಾಕಿದ ಅಂದಾಜು ಅಷ್ಟೆ. ಅದರಿಂದ ಆಗೋ ಒಂದೇ ಉಪಕಾರ ಏನಂದ್ರೆ, ಕಣ್ಣಿಗೆ ಕಾಣೋ ತೊಂದರೆಯ ಹಿಂದೆ ಅಡಗಿದ ದೊಡ್ಡದನ್ನ ಮುಂದಕ್ಕೆ ತರುತ್ತೆ. ವಾಂತಿಗೆ ಪ್ಲಾಸ್ಟಿಕ್ ಕವರ್ ಎಲ್ಲರೂ ನೆನಪಿಟ್ಟು ತರ್ತಾರೆ. ಡ್ರೈವರ್ ರಾತ್ರಿ ಎಷ್ಟು ಹೊತ್ತು ಮಲಗಿದ್ದ ಅಂತ ಯಾರೂ ಕೇಳಲ್ಲ.

ಈಗ ಗಡಿಯಾರ ಹಿಡಿದು ನೋಡಿ. ನಾಗಲಮಡಿಕೆಯಿಂದ ಪಾವಗಡ, ಮಧುಗಿರಿ, ಕೊರಟಗೆರೆ, ದಾಬಸ್‌ಪೇಟೆ, ನೆಲಮಂಗಲ ದಾಟಿ ಕಸ್ತೂರಬಾ ರಸ್ತೆಗೆ ಹೆಚ್ಚೂಕಮ್ಮಿ 165 ಕಿಲೋಮೀಟರ್. ಬೆಳಗ್ಗೆ 5ಕ್ಕೆ ಹೊರಟರೆ, ದಾರಿಯಲ್ಲಿ ಮುಕ್ಕಾಲು ಗಂಟೆ ತಿಂಡಿ, ನಗರದ ಟ್ರಾಫಿಕ್ ಎಲ್ಲಾ ಸೇರಿ ತಲುಪೋದು ಹತ್ತೂವರೆ. ಮಧ್ಯಾಹ್ನ 3ಕ್ಕೆ ವಾಪಸ್ ಹೊರಟರೆ ಊರು ಸೇರೋದು ರಾತ್ರಿ ಎಂಟೂವರೆ. ಅಂದರೆ ಹದಿನೈದೂವರೆ ಗಂಟೆಯ ದಿನ, ಅದರಲ್ಲಿ ಸ್ಟೀರಿಂಗ್ ಹಿಡಿದಿರೋದೇ ಒಂಬತ್ತು ಗಂಟೆ ಮೀರುತ್ತೆ. ಡಿಪೋದಿಂದ ನಾಗಲಮಡಿಕೆಗೆ ಬಸ್ಸು ತಂದದ್ದು ಬೇರೆ.

2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ದಿನಕ್ಕೆ ಸಾಮಾನ್ಯ ಮಿತಿ 8 ಗಂಟೆ ಕೆಲಸ ಇತ್ತು. 5 ಗಂಟೆ ಕೆಲಸ ಆದ ಮೇಲೆ ಅರ್ಧ ಗಂಟೆಯಾದರೂ ವಿರಾಮ ಕೊಡಬೇಕಿತ್ತು. ಶುರುವಿನಿಂದ ಕೊನೆಯವರೆಗೆ, ವಿರಾಮಾನೂ ಸೇರಿಸಿ, 12 ಗಂಟೆ ಮೀರಬಾರದು ಅಂತಿತ್ತು. ಆ ಲೆಕ್ಕದಲ್ಲಿ ನಮ್ಮ ಟೂರು ಕಾಗದದ ಮೇಲೇ ಮೂರೂವರೆ ಗಂಟೆ ಜಾಸ್ತಿ ಆಯ್ತು. ಡಿಸೆಂಬರಲ್ಲಿ ಆರು ಗಂಟೆಗೆಲ್ಲಾ ಕತ್ತಲೆ, ಆ ಜಾಸ್ತಿ ಹೊತ್ತಿನ ಹೆಚ್ಚಿನ ಭಾಗ ಮಧುಗಿರಿ–ಪಾವಗಡದ ಕತ್ತಲೆ ರಸ್ತೇಲೇ ಬರುತ್ತೆ. ಡ್ರೈವರ್ ಎಷ್ಟೇ ಒಳ್ಳೆಯವರಾಗಿರಲಿ, ಇದು ಸ್ವಭಾವದ ಪ್ರಶ್ನೆ ಅಲ್ಲ.

ಪರಿಹಾರ ಎರಡೇ. ಇಬ್ಬರು ಡ್ರೈವರ್‌ಗಳು, ಅದೂ ಬುಕ್ ಮಾಡುವಾಗಲೇ ಬರವಣಿಗೆಯಲ್ಲಿ. ಇಲ್ಲಾ, ಬೆಂಗಳೂರಲ್ಲಿ ರಾತ್ರಿ ತಂಗೋದು. ತಂಗಿದರೆ ರೂಮು, ಊಟ, ಹೆಣ್ಣುಮಕ್ಕಳ ಭದ್ರತೆ ಅಂತ ಬೇರೊಂದು ಪಟ್ಟಿಯೇ ಶುರುವಾಗುತ್ತೆ. ಹಾಗಾಗಿ ಎರಡನೇ ಡ್ರೈವರ್‌ಗೆ ಆಗೋ ಖರ್ಚನ್ನ 48 ಮಕ್ಕಳಿಗೆ ಹಂಚೋದೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ತಲೆಗೆ ಬೀಳೋ ಜಾಸ್ತಿ ದುಡ್ಡು ಒಂದು ಐಸ್‌ಕ್ರೀಮಿನಷ್ಟು ಆಗಬಹುದು.

ಬಸ್ಸು ಕೆಎಸ್‌ಆರ್‌ಟಿಸಿ ಬಾಡಿಗೆಯದಾದರೆ ಕಾಗದಪತ್ರದ ತಲೆನೋವು ಕಮ್ಮಿ. ಖಾಸಗಿಯಾದರೆ ಫಿಟ್‌ನೆಸ್, ವಿಮೆ ಜೊತೆಗೆ ನಮ್ಮ ಕಡೆಯವರು ಕೇಳಲೇಬೇಕಾದ ಇನ್ನೊಂದಿದೆ: ಪರ್ಮಿಟ್. ಪಾವಗಡಕ್ಕೆ ಮೂರು ದಿಕ್ಕಲ್ಲೂ ಆಂಧ್ರ. "ಹಿಂದೂಪುರದ ಮೇಲೆ ಹೋದ್ರೆ ಬೇಗ ಆಗುತ್ತೆ ಸಾರ್" ಅಂತ ಡ್ರೈವರ್ ಅಲ್ಲೇ ದಾರಿ ಬದಲಾಯಿಸಬಹುದು. ಆಂಧ್ರಕ್ಕೆ ಪರ್ಮಿಟ್ ಇಲ್ಲದ ಬಸ್ಸು ಅಲ್ಲಿ ಅಪಘಾತಕ್ಕೆ ಸಿಕ್ಕರೆ ವಿಮಾ ಕಂಪನಿಗೆ ತಕರಾರು ತೆಗೆಯೋಕೆ ಅಷ್ಟು ಸಾಕು. ದಾರಿ ಚೀಟಿಯಲ್ಲೇ ಬರೆದಿರಲಿ.

"ಅಲ್ಲಿವರೆಗೂ ಹೋಗಿದೀವಿ..."

2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಅದೇ ವರ್ಷ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಬಿಯಾಸ್, ಮುರುಡೇಶ್ವರ, ಹರ್ಣಿ: ಮೂರೂ ಕಡೆ ನೀರು.

ನಾವು ಹೋಗ್ತಿರೋದು ಮ್ಯೂಸಿಯಂಗೆ, ಅಲ್ಲೆಲ್ಲಿ ನೀರು ಅಂತೀರಾ? ಕೊರಟಗೆರೆ ಹತ್ತಿರ ಬಂದಾಗ ಯಾರೋ ಒಬ್ಬರು ಅಂದೇ ಅಂತಾರೆ, "ಅಲ್ಲಿವರೆಗೂ ಹೋಗಿದೀವಿ, ಗೊರವನಹಳ್ಳಿ ಲಕ್ಷ್ಮಮ್ಮನ ದರ್ಶನ ಮಾಡ್ಕೊಂಡೇ ಹೋಗೋಣ." ಒಳ್ಳೇ ಮಾತು, ಬಸ್ಸು ತಿರುಗುತ್ತೆ. ದೇವಸ್ಥಾನದ ಹತ್ತಿರವೇ ತೀತಾ ಜಲಾಶಯ. ಐದು ಗಂಟೆಯಿಂದ ಬಸ್ಸಲ್ಲಿ ಕೂತ ಹುಡುಗರಿಗೆ ನೀರು ಕಂಡರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಮ್ಯೂಸಿಯಂಗೆ ಅಂತ ಮಾಡಿದ ಅಂದಾಜಿನಲ್ಲಿ ಆ ನೀರು ಎಲ್ಲೂ ಇರಲ್ಲ, ಅಮ್ಮ ಸಹಿ ಹಾಕಿದ ಚೀಟಿಯಲ್ಲೂ ಇರಲ್ಲ.

ಆದ್ದರಿಂದ ಒಂದು ನಿಯಮ ಖಡಾಖಂಡಿತ: ಚೀಟಿಯಲ್ಲಿ ಬರೆಯದ ಕಡೆ ಬಸ್ಸು ನಿಲ್ಲಲ್ಲ. ದರ್ಶನ ಬೇಕಾ, ಮೊದಲೇ ಬರೆದು, ಯಾರು ಕೆರೆ ಕಡೆ ನಿಲ್ತಾರೆ ಅಂತಾನೂ ಬರೆದು ಕಳಿಸಿ. ಕಬ್ಬನ್ ಪಾರ್ಕು, ವಿಧಾನಸೌಧಕ್ಕೂ ಇದೇ ಮಾತು. ಅವು ಮ್ಯೂಸಿಯಂಗೆ ಹತ್ತಿರವೇ, ಆದರೆ ಪ್ರತಿಯೊಂದು ಅಂದರೆ ಇನ್ನೊಂದು ಸಲ 48 ಮಕ್ಕಳನ್ನ ಇಳಿಸಿ, ರಸ್ತೆ ದಾಟಿಸಿ, ಎಣಿಸಿ ಹತ್ತಿಸೋದು. ಅಪಾಯ ಕಮ್ಮಿ ಮಾಡೋಕೆ ಎಲ್ಲಕ್ಕಿಂತ ಅಗ್ಗದ ದಾರಿ ಪಟ್ಟಿಯಿಂದ ಒಂದು ಜಾಗ ಹೊಡೆದುಹಾಕೋದು.

ಎಣಿಸೋ ವಿಷಯಕ್ಕೆ ಬಂದರೆ, ಡಿಸೆಂಬರಲ್ಲಿ ಆ ಮ್ಯೂಸಿಯಂಗೆ ಒಂದೇ ದಿನ ಎಷ್ಟೋ ಸರ್ಕಾರಿ ಶಾಲೆ ಮಕ್ಕಳು ಬಂದಿರ್ತಾರೆ, ಎಲ್ಲರದೂ ಒಂದೇ ಯೂನಿಫಾರ್ಮು. ತಲೆ ಎಣಿಸಿದರೆ 48 ಸಿಗುತ್ತೆ, ಅದರಲ್ಲಿ ಒಬ್ಬ ಬೇರೆ ಊರಿನವನಾಗಿರ್ತಾನೆ. ಹಾಗಾಗಿ ತಲೆ ಎಣಿಸಬಾರದು, ನಂಬರ್ ಕೂಗಿಸಬೇಕು. ಪ್ರತಿ ಮಗುವಿಗೂ 1ರಿಂದ 48ರೊಳಗೆ ಒಂದು ನಂಬರು, ಹನ್ನೆರಡಕ್ಕೆ ಒಬ್ಬ ಶಿಕ್ಷಕರು, ನಾಲ್ಕು ಗುಂಪಿಗೆ ನಾಲ್ಕು ಬಣ್ಣದ ರಿಬ್ಬನ್ನು. ಹಲವು ಮಹಡಿಯ ಕಟ್ಟಡ ಅದು. ಪ್ರತಿ ಮಹಡಿ ಬಿಡೋ ಮುಂಚೆ ಒಂದು ಸಲ, ಬಸ್ಸು ಹತ್ತುವಾಗೆಲ್ಲ ಒಂದು ಸಲ ಕೂಗಿಸಿ. ಮೇಷ್ಟ್ರ ಫೋನ್ ನಂಬರ್ ಬರೆದ ಕಾರ್ಡು ಜೇಬಿನಲ್ಲಿರಲಿ. ಮಗುವಿನ ಹೆಸರು ಎದೆ ಮೇಲೆ ನೇತಾಡೋದು ಬೇಡ, ಗೊತ್ತಿಲ್ಲದವರು ಹೆಸರು ಹಿಡಿದು ಕರೆದರೆ ಮಕ್ಕಳು ತಮ್ಮವರೇ ಅಂದ್ಕೊಂಡು ಹೋಗಿಬಿಡ್ತಾರೆ.

ಅಮ್ಮ ಬರೆಯದ ಮಾತು

"ಮಗುವಿಗೆ ಯಾವುದಾದರೂ ಆರೋಗ್ಯ ಸಮಸ್ಯೆ ಇದೆಯೇ?" ಅಂತ ಕೇಳಿದರೆ 48 ಚೀಟಿಯಲ್ಲೂ "ಇಲ್ಲ" ಅಂತ ಬರುತ್ತೆ. ಸುಳ್ಳು ಹೇಳ್ತಾರೆ ಅಂತಲ್ಲ. ಮೂರು ವರ್ಷದ ಹಿಂದೆ ಒಂದು ಸಲ ಫಿಟ್ಸ್ ಬಂದಿದ್ದು, ಚಳಿಗಾಲಕ್ಕೆ ಬರೋ ಉಬ್ಬಸ, ಇದೆಲ್ಲ ಮನೆಯವರ ಲೆಕ್ಕದಲ್ಲಿ ಸಮಸ್ಯೆನೇ ಅಲ್ಲ. ಇನ್ನು ಕೆಲವರು ಬೇಕಂತಲೇ ಬಚ್ಚಿಡ್ತಾರೆ. ಹೇಳಿದರೆ ಟೂರಿಂದ ಬಿಡ್ತಾರೇನೋ ಅನ್ನೋ ಭಯ ಒಂದು. ಹುಡುಗಿಗೆ ಮೂರ್ಛೆ ಅಂತ ಚೀಟಿಯಲ್ಲಿ ಬರೆದರೆ ಸ್ಕೂಲಲ್ಲೆಲ್ಲ ಹರಡಿ, ನಾಳೆ ಮದುವೆಗೆ ತೊಂದರೆ ಅನ್ನೋ ಭಯ ಇನ್ನೊಂದು.

ಆ ಬಚ್ಚಿಟ್ಟ ಮಾತೇ ಮ್ಯೂಸಿಯಂ ಒಳಗೆ ಬೇಕಾಗೋದು. ಕತ್ತಲೆಯಲ್ಲಿ ಮಿನುಗೋ ಬೆಳಕಿರೋ ಪ್ರದರ್ಶನ ಫಿಟ್ಸ್ ಇರೋ ಕೆಲವು ಮಕ್ಕಳಿಗೆ ಆಗಿಬರಲ್ಲ. ಕೂದಲು ನೆಟ್ಟಗೆ ನಿಲ್ಲಿಸೋ ಸ್ಥಿರ ವಿದ್ಯುತ್ತಿನ ಪ್ರಯೋಗ ಉಳಿದವರಿಗೆಲ್ಲ ಮಜಾ. ಆದರೆ ಕಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಇರೋ ಮಗುವಿನ ಮೆಷಿನ್ನಿನ ಸೆಟ್ಟಿಂಗು ಅದರಿಂದ ಕೆಡಬಹುದು, ಅದನ್ನು ಮುಟ್ಟೋಕೆ ಬಿಡಬಾರದು. ಹೃದಯದ ತೊಂದರೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರಿಗೂ ಅಷ್ಟೆ. ಅಂಥ ಮಗುವನ್ನ ಮನೇಲಿ ಬಿಟ್ಟು ಹೋಗಬೇಕಿಲ್ಲ. ಆ ಹತ್ತು ನಿಮಿಷ ಪಕ್ಕದ ಗ್ಯಾಲರಿಗೆ ಒಬ್ಬ ಗೆಳೆಯನ ಜೊತೆ ಕಳಿಸಿದರೆ ಸಾಕು, ಆದರೆ ಮೇಷ್ಟ್ರಿಗೆ ಗೊತ್ತಿರಬೇಕು.

ಅದಕ್ಕೇ ಪ್ರಶ್ನೆ ಬಿಡಿಸಿ ಕೇಳಬೇಕು, ಮನೆ ಮಾತಿನಲ್ಲಿ ಕೇಳಬೇಕು. ಬಿಟ್ಟು ಹೋಗಲ್ಲ ಅಂತ ಮೊದಲೇ ಬರೆಯಬೇಕು. ನಾನಾಗಿದ್ದರೆ ಚೀಟಿ ಹೀಗೆ ಬರೀತಿದ್ದೆ:

> ಮಾನ್ಯ ಪೋಷಕರೇ,
>
> 9ನೇ ತರಗತಿ ಮಕ್ಕಳನ್ನು ಡಿಸೆಂಬರ್ __ರಂದು ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದೊಯ್ಯುತ್ತಿದ್ದೇವೆ. ಬೆಳಗ್ಗೆ 5ಕ್ಕೆ ಶಾಲೆಯಿಂದ ಹೊರಡುತ್ತೇವೆ. ರಾತ್ರಿ ಎಂಟೂವರೆಗೆ ಶಾಲೆಗೇ ವಾಪಸ್. ದಾರಿ: ಪಾವಗಡ, ಮಧುಗಿರಿ, ಕೊರಟಗೆರೆ, ದಾಬಸ್‌ಪೇಟೆ. ತಿಂಡಿಗೆ ಮಧುಗಿರಿಯಲ್ಲಿ, ಬರುವಾಗ ಕೊರಟಗೆರೆಯಲ್ಲಿ ನಿಲ್ಲುತ್ತೇವೆ. ಬೇರೆಲ್ಲೂ ಬಸ್ಸು ನಿಲ್ಲಿಸಿ ಮಕ್ಕಳನ್ನು ಇಳಿಸುವುದಿಲ್ಲ. ಡ್ರೈವರ್‌ಗಳು ಇಬ್ಬರು. ಶಿಕ್ಷಕರು 4 ಜನ, ಅದರಲ್ಲಿ 2 ಶಿಕ್ಷಕಿಯರು.
>
> ಕೆಳಗಿನವಕ್ಕೆ ಹೌದು ಅಥವಾ ಇಲ್ಲ ಬರೆಯಿರಿ. ಹೌದು ಎಂದರೂ ನಿಮ್ಮ ಮಗುವನ್ನು ಬಿಟ್ಟು ಹೋಗುವುದಿಲ್ಲ. ಗುಂಪಿನ ಶಿಕ್ಷಕರನ್ನು ಬಿಟ್ಟು ಬೇರೆಯವರಿಗೆ ಹೇಳುವುದಿಲ್ಲ.
>
> ಬಸ್ಸಿನಲ್ಲಿ ವಾಂತಿ ಆಗುತ್ತದೆಯೇ? ಯಾವಾಗಲಾದರೂ ಒಂದು ಸಲವಾದರೂ ಫಿಟ್ಸ್ ಬಂದಿತ್ತೇ? ಉಬ್ಬಸ ಇದೆಯೇ? ದಿನಾ ತೆಗೆದುಕೊಳ್ಳುವ ಮಾತ್ರೆ ಇದೆಯೇ, ಯಾವುದು, ಎಷ್ಟು ಹೊತ್ತಿಗೆ? ಕಿವಿಗೆ ಅಥವಾ ಹೃದಯಕ್ಕೆ ಮೆಷಿನ್ ಹಾಕಿಸಿದ್ದೀರಾ? ಯಾವ ಮಾತ್ರೆ ಅಥವಾ ಊಟ ಮೈಗೆ ಆಗುವುದಿಲ್ಲ?
>
> ತುರ್ತು ಸಂದರ್ಭದಲ್ಲಿ ಆಸ್ಪತ್ರೆಗೆ ಸೇರಿಸಲು ಒಪ್ಪಿಗೆ ಇದೆ / ಇಲ್ಲ. ಆ ದಿನ ಇಡೀ ಹೊತ್ತು ಸಿಗುವ ಎರಡು ಫೋನ್ ನಂಬರ್. ರಾತ್ರಿ ಮಗುವನ್ನು ಕರೆದೊಯ್ಯಲು ಬರುವವರು ಯಾರು.
>
> ಕಳಿಸಲು ಇಷ್ಟವಿಲ್ಲದಿದ್ದರೆ ಕಾರಣ ಬರೆಯಬೇಕಿಲ್ಲ. ಅಂಕಕ್ಕೆ ತೊಂದರೆಯಿಲ್ಲ.

ಶಾಲೆ ಜವಾಬ್ದಾರಿಯಲ್ಲ ಅನ್ನೋ ಸಾಲು ಇದರಲ್ಲಿ ಇಲ್ಲ. ಇದ್ದಿದ್ದರೂ ಉಪಯೋಗಕ್ಕೆ ಬರ್ತಿರಲಿಲ್ಲ. ಹೆದರಿದ ಅಮ್ಮ ಮುಂದಿನ ಪ್ರಶ್ನೆಗೆಲ್ಲ "ಇಲ್ಲ" ಬರೆದುಬಿಡ್ತಾ ಇದ್ದಳು, ಅಷ್ಟೇ ಆಗ್ತಿದ್ದದ್ದು.

ನಾಗಲಮಡಿಕೆ ಕಡೆ ಇನ್ನೆರಡು ತೊಡಕಿದೆ. ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಮಗು ಕನ್ನಡ ಓದುತ್ತೆ, ಅಜ್ಜಿಗೆ ಕನ್ನಡ ಅಕ್ಷರ ಬರಲ್ಲ. ಮಗುವೇ ಓದಿ ಹೇಳಿ, ಮಗುವೇ ತುಂಬಿ, ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದ ಚೀಟಿಯನ್ನ ಒಪ್ಪಿಗೆ ಅನ್ನೋಕಾಗಲ್ಲ, ಟೂರಿಗೆ ಹೋಗೋ ಆಸೆ ಇರೋನು ಫಿಟ್ಸ್ ಅಂತ ಬರೀತಾನಾ? ಒಂದು ಸಂಜೆ ಪೋಷಕರ ಸಭೆ ಕರೆದು, ತೆಲುಗು ಬಲ್ಲ ಮೇಷ್ಟ್ರು ಒಬ್ಬರು ಪ್ರಶ್ನೆಗಳನ್ನ ಓದಿ ಹೇಳಿದರೆ ಅರ್ಧ ಕೆಲಸ ಆಯ್ತು. ಆರೋಗ್ಯದ ವಿಷಯ ಮಾತ್ರ ಸಭೆಯಲ್ಲಿ ಕೇಳಬಾರದು, ಒಬ್ಬೊಬ್ಬರನ್ನೇ ಕರೆದು ಕೇಳಬೇಕು.

ಎರಡನೆಯದು, ಅಪ್ಪ ಅಮ್ಮ ಕೂಲಿಗೆ ಅಂತ ಬೆಂಗಳೂರಲ್ಲೇ ಇರ್ತಾರೆ, ಮಗು ಅಜ್ಜ ಅಜ್ಜಿ ಹತ್ತಿರ. ಅಜ್ಜಿ ಹೆಬ್ಬೆಟ್ಟು ಒತ್ತಿದರೂ ಅಪ್ಪನಿಗೋ ಅಮ್ಮನಿಗೋ ಶಾಲೆಯಿಂದ ಒಂದು ಫೋನು ಹೋಗಬೇಕು. ಮಾತಾಡಿದ ದಿನ, ಹೊತ್ತು ಚೀಟಿಯ ಮೇಲೆ ಬರೆದಿಡಬೇಕು. ಇಂಥ ಅಪ್ಪಂದಿರು "ಮ್ಯೂಸಿಯಂ ಹತ್ರಾನೇ ಬಂದು ಮಗನ್ನ ನೋಡ್ತೀನಿ, ಹಂಗೇ ಎರಡು ದಿನ ಕರ್ಕೊಂಡು ಹೋಗ್ತೀನಿ ಸಾರ್" ಅಂತ ಕೇಳೋದೂ ಉಂಟು. ಕರುಳಿನ ಮಾತು, ಆದರೆ ಮೊದಲೇ ಬರೆದುಕೊಡದೆ ಮ್ಯೂಸಿಯಂ ಗೇಟಿನಲ್ಲಿ ಮಗುವನ್ನ ಒಪ್ಪಿಸಬಾರದು. ಬಂದವರು ಅಪ್ಪನೇ ಅಂತ ಆ ಗದ್ದಲದಲ್ಲಿ ಯಾರು ಖಾತ್ರಿ ಮಾಡ್ತಾರೆ?

ಇನ್ನು ಯಾರೂ ಬರೆಯದ, ಕೇಳೋಕೂ ಸಂಕೋಚಪಡೋ ಒಂದು ವಿಷಯ. ದಾರೀಲಿ ಟಾಯ್ಲೆಟ್ ಸಿಗಲ್ಲ ಅಂತ ಹೆಣ್ಣುಮಕ್ಕಳು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯೋದು ಬಿಡ್ತಾರೆ. ಹನ್ನೆರಡು ಗಂಟೆಗೆ ಮ್ಯೂಸಿಯಂನಲ್ಲಿ ತಲೆಸುತ್ತಿ ಕೂತ ಹುಡುಗಿಗೆ ಗ್ಲೂಕೋಸ್ ಕೊಟ್ಟು "ಬಿಸಿಲಿಗೆ" ಅಂತೀವಿ, ಡಿಸೆಂಬರಲ್ಲಿ! ತಿಂಡಿಗೆ ನಿಲ್ಲೋ ಹೋಟೆಲನ್ನ ದೋಸೆ ರುಚಿ ನೋಡಿ ಆರಿಸಬೇಡಿ, ಟಾಯ್ಲೆಟ್ ನೋಡಿ ಆರಿಸಿ. ವಾರ ಮುಂಚೆ ಫೋನ್ ಮಾಡಿ, 48 ಮಕ್ಕಳು ಬರ್ತಾರೆ, ನೀರಿರುತ್ತಾ, ಚಿಲಕ ಹಾಕುತ್ತಾ ಅಂತ ಕೇಳಿ. ಶಿಕ್ಷಕಿಯರ ಬ್ಯಾಗಿನಲ್ಲಿ ಪ್ಯಾಡ್ ಇದೆ ಅಂತ ಹುಡುಗಿಯರಿಗೆ ಹಿಂದಿನ ದಿನವೇ ಹೇಳಿರಿ.

ತುಂಬಿದ ಚೀಟಿಗಳನ್ನ ಹೆಡ್‌ಮಾಸ್ಟ್ರ ಬೀರುವಿನಲ್ಲಿ ಬೀಗ ಹಾಕಿಟ್ಟು ಹೊರಟರೆ ಇಷ್ಟೆಲ್ಲ ಮಾಡಿದ್ದು ದಂಡ. ಗುಂಪಿನ ಹನ್ನೆರಡು ಚೀಟಿ ಆಯಾ ಶಿಕ್ಷಕರ ಕೈಯಲ್ಲಿರಬೇಕು. ಹೆಸರು ಮತ್ತು ಫೋನ್ ನಂಬರಿನ ಇನ್ನೊಂದು ಪ್ರತಿ ಊರಲ್ಲಿ ಉಳಿದ ಒಬ್ಬರ ಹತ್ತಿರ ಇರಬೇಕು, ಬಸ್ಸಿಗೇ ಏನಾದರೂ ಆದರೆ ಮನೆಗಳಿಗೆ ಫೋನ್ ಮಾಡೋರು ಅವರೇ. ಆ ಪ್ರತಿಯ ಮೇಲೇ 112, 108, ಮ್ಯೂಸಿಯಂಗೆ ಹತ್ತಿರದ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ, ದಾರಿಯಲ್ಲಿ ಸಿಗೋ ಮಧುಗಿರಿ, ಕೊರಟಗೆರೆ ಸರ್ಕಾರಿ ಆಸ್ಪತ್ರೆ ಬರೆದಿರಲಿ. ರಾತ್ರಿ ಕೊನೇ ಮಗುವನ್ನ ಚೀಟಿಯಲ್ಲಿ ಬರೆದವರ ಕೈಗೇ ಕೊಟ್ಟು ಅವರ ಸಹಿ ತಗೊಂಡ ಮೇಲೆ ಆರೋಗ್ಯದ ಹಾಳೆಗಳನ್ನ ಮನೆಯವರಿಗೇ ವಾಪಸ್ ಕೊಟ್ಟುಬಿಡಿ.

ಅಕ್ಕನ ಚೀಟಿಯ ಫೋಟೋ ನಿಮಗೆ ಬಂದಿದ್ದರೆ, ಹೆಡ್‌ಮಾಸ್ಟ್ರಿಗೆ ಅಕ್ಕನ ಕೈಲಿ ಮೂರು ಪ್ರಶ್ನೆ ಕೇಳಿಸಿ: ಡ್ರೈವರ್ ಎಷ್ಟು ಜನ, ಬಸ್ಸು ಎಲ್ಲೆಲ್ಲಿ ನಿಲ್ಲುತ್ತೆ, ನನ್ನ ಮಗನ ಗುಂಪಿನ ಮೇಷ್ಟ್ರು ಯಾರು. ಮೂರಕ್ಕೂ ಉತ್ತರ ಬಂದರೆ ಸೈನ್ ಹಾಕೋಕೆ ಹೇಳಿ.